ಗಡಿಕಲ್ಲಿನ ತನಕ ಅಳೆದ ರಸ್ತೆ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಡಿಟ್ ಕಚೇರಿಯಲ್ಲಿ ದುಡಿದ ನಾನು, ಸರ್ಕಾರದ ಒಂದು ಕೆಲಸವನ್ನು ಬಾಯಿ ತುಂಬ ಹೊಗಳಿ ಬರೆದದ್ದು ಒಂದೇ ಸಲ. ಆ ಹೊಗಳಿಕೆಯೇ ಒಂದು ತಾಂಡಾದ ದಾರಿಗೆ ಅಡ್ಡ ಬಂತು. ಬೈದು ಬರೆದ ಸಾವಿರ ಸಾಲುಗಳಲ್ಲಿ ಒಂದೂ ಈಗ ನೆನಪಿಲ್ಲ, ಹೊಗಳಿದ್ದು ಮಾತ್ರ ಮರೆಯುವುದಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಹೆಂಗಸರಿಗೆ ಟೂರ್ ಬೇಡ, ಕಚೇರಿಯಲ್ಲೇ ಕೂತು ಲೆಕ್ಕ ನೋಡಲಿ ಎನ್ನುತ್ತಿದ್ದ ಕಾಲ. ನಾನು ಜಗಳ ಮಾಡಿ ಟೂರ್ ತೆಗೆದುಕೊಂಡವಳು. ದಾವಣಗೆರೆಯಲ್ಲಿ ಹುಟ್ಟಿ ಬೆಳೆದವಳಾದ್ದರಿಂದ ಆ ಸೀಮೆಯ ಮಾತು ಬರುತ್ತದೆ, ಕಳಿಸಿದರೆ ಉಪಯೋಗವಾಗುತ್ತದೆ ಎಂದು ವಾದಿಸಿದ್ದೆ. ಬಾಯಿ ಜೋರು ಎಂಬ ಹೆಸರು ಮೊದಲೇ ಇತ್ತು. ಇವಳ ಹತ್ತಿರ ವಾದ ಮಾಡುವುದಕ್ಕಿಂತ ಕಳಿಸುವುದೇ ವಾಸಿ ಎಂದು ಕಳಿಸಿದರು.

ನಮ್ಮ ತಂಡಕ್ಕೆ ಒಬ್ಬರು ಅಧಿಕಾರಿ. ಮಿತಭಾಷಿ, ಮೈಸೂರಿನ ಕಡೆಯವರು, ಬೆಳಗಿನ ಸ್ನಾನ ತಪ್ಪಿಸಿದರೂ ಬೆಳಗಿನ ಪೆನ್ಸಿಲ್ ಚೂಪು ಮಾಡುವುದನ್ನು ತಪ್ಪಿಸದವರು. ಅವರಿಗೆ ಆ ವರ್ಷ ಹೊಸ ಬಗೆಯ ಕೆಲಸ ಬಂದಿತ್ತು. ಅಲ್ಲಿಯವರೆಗೆ ನಾವು ನೋಡುತ್ತಿದ್ದದ್ದು ಹಣ ನಿಯಮದ ಪ್ರಕಾರ ಖರ್ಚಾಯಿತೇ, ರಸೀದಿ ಇದೆಯೇ, ರುಜು ಇದೆಯೇ ಎಂದು. ಈಗ ಹಳ್ಳಿ ರಸ್ತೆಯ ಯೋಜನೆಯೊಂದನ್ನು ಇಡಿಯಾಗಿ ತೂಗಿ ನೋಡಬೇಕಿತ್ತು. ಚನ್ನಗಿರಿ, ಹೊನ್ನಾಳಿ, ಜಗಳೂರು ನಮ್ಮ ಪಾಲಿಗೆ ಬಂದ ತಾಲ್ಲೂಕುಗಳು. ನ್ಯಾಮತಿ ಆಗ ಹೊನ್ನಾಳಿಗೇ ಸೇರಿತ್ತು.

ಹೊನ್ನಾಳಿಯ ಪ್ರವಾಸಿ ಮಂದಿರದ ಜಗಲಿಯ ಮೇಲೆ ಕೂತು ಅವರು ನನಗೆ ಪಾಠ ಹೇಳಿದರು. "ಮೂರೇ ಪ್ರಶ್ನೆ ಕಣಮ್ಮ. ಕೊಡಬೇಕಾದ್ದಕ್ಕಿಂತ ಹೆಚ್ಚು ಕೊಟ್ಟರಾ? ಇದ್ದ ಆಳು, ಯಂತ್ರ, ದಿನ ಇವನ್ನು ಹಾಳು ಮಾಡದೆ ಬಳಸಿದರಾ? ಕೊನೆಗೆ, ರಸ್ತೆ ಆದದ್ದರಿಂದ ಯಾರಿಗೆ ಏನಾಯಿತು?" ಮೊದಲೆರಡು ಪ್ರಶ್ನೆ ನನಗೆ ಬಲು ಹಿಡಿಸಿದವು, ಯಾಕೆಂದರೆ ಅವನ್ನು ಅಳೆಯಬಹುದು. ಮೂರನೆಯದು ನನಗೆ ಭಾಷಣದ ವಿಷಯದ ಹಾಗೆ ಕಂಡಿತ್ತು. ರಸ್ತೆ ಆದಮೇಲೆ ಜನ ಓಡಾಡದೆ ಇನ್ನೇನು ಮಾಡುತ್ತಾರೆ ಎಂದುಕೊಂಡೆ.

ಅಳೆಯುವ ಹುಚ್ಚು ನನಗೆ ಎಷ್ಟಿತ್ತೆಂದರೆ, ಜಗಳೂರಿನ ಸೊಕ್ಕೆ ಕಡೆಯ ಒಂದು ರಸ್ತೆಯಲ್ಲಿ ಮೂರು ಕಡೆ ಗುಂಡಿ ತೋಡಿಸಿ, ಜಲ್ಲಿಯ ಪದರ ಎಷ್ಟು ದಪ್ಪ ಇದೆ ಎಂದು ಸ್ಕೇಲು ಇಳಿಸಿ ನೋಡಿದೆ. ಅಳತೆ ಪುಸ್ತಕದಲ್ಲಿ ಬರೆದಷ್ಟೇ ಇತ್ತು. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಚನ್ನಗಿರಿಯ ಉಬ್ರಾಣಿ ಕಡೆಗೆ ಹೋದಾಗ ರೋಡ್ ರೋಲರಿನ ದಿನಚರಿ ಪುಸ್ತಕ ಕೇಳಿ ಪಡೆದೆ. ಚನ್ನಗಿರಿ, ಹೊನ್ನಾಳಿ ಎರಡು ತಾಲ್ಲೂಕಿಗೂ ಇದ್ದದ್ದು ಒಂದೇ ರೋಲರ್. ಅದು ನಡೆಯುವುದು ಎತ್ತಿನ ವೇಗದಲ್ಲಿ. ಒಂದು ಕೆಲಸದಿಂದ ಇನ್ನೊಂದು ಕೆಲಸಕ್ಕೆ ಹೋಗುವುದರಲ್ಲೇ ಅದರ ಎಷ್ಟೋ ದಿನಗಳು ಕಳೆದುಹೋಗಿದ್ದವು. ಹತ್ತಿರ ಹತ್ತಿರದ ರಸ್ತೆಗಳನ್ನು ಒಟ್ಟಿಗೆ ಕೈಗೆತ್ತಿಕೊಂಡಿದ್ದರೆ ಅಷ್ಟು ದಿನ ಉಳಿಯುತ್ತಿತ್ತು. ಇದನ್ನು ಹಿಡಿದದ್ದಕ್ಕೆ ಅಧಿಕಾರಿಗಳು "ಭೇಷ್" ಎಂದರು. ಅವರ ಬಾಯಿಂದ ಭೇಷ್ ಬಂದರೆ ಎರಡು ದಿನ ಊಟ ಸೇರದಷ್ಟು ಖುಷಿ.

ಕೊನೆಗೆ ಕಿಲೋಮೀಟರಿಗೆ ಎಷ್ಟು ಬಿತ್ತು ಎಂದು ಎಲ್ಲ ರಸ್ತೆಗಳ ಒಂದು ಪಟ್ಟಿ ಮಾಡಿದೆ. ಎಲ್ಲಕ್ಕಿಂತ ಕಡಿಮೆಯಲ್ಲಿ ಆದದ್ದು ನ್ಯಾಮತಿ ಕಡೆಯ ಒಂದು ತಾಂಡಾದ ರಸ್ತೆ. ಸೂರಗೊಂಡನಕೊಪ್ಪದಿಂದ ತುಸು ಆಚೆ, ದೊಡ್ಡ ರಸ್ತೆಯಿಂದ ಒಳಕ್ಕೆ ಮೂರು ಕಿಲೋಮೀಟರ್. ಕೊಟ್ಟ ಅವಧಿಗೆ ಮೊದಲೇ ಮುಗಿದಿತ್ತು. ಹಾಗಾದರೆ ನೋಡಲೇಬೇಕೆಂದು ಅಧಿಕಾರಿಗಳ ಜೊತೆ ಜೀಪಿನಲ್ಲಿ ಹೊರಟೆ.

ನಮ್ಮ ಜೊತೆ ಬಂದವರು ಆ ಭಾಗದ ಇಂಜಿನಿಯರ್. ನನ್ನ ವಯಸ್ಸಿನವರೇ, ಹೊನ್ನಾಳಿಯವರು. ಮಾತಿಗಿಂತ ಕೆಮ್ಮು ಹೆಚ್ಚು. ನಾನು ಟೇಪಿನ ಒಂದು ತುದಿ ಹಿಡಿದೆ, ಅವರ ಕೆಲಸಗಾರನೊಬ್ಬ ಇನ್ನೊಂದು ತುದಿ ಹಿಡಿದ. ಬಿಸಿಲಿನಲ್ಲಿ ಮೂರು ಕಿಲೋಮೀಟರೂ ಅಳೆದೆವು. ರಸ್ತೆ ಒಂದು ಗಡಿಕಲ್ಲಿನ ಹತ್ತಿರ ಮುಗಿಯಿತು. ತಾಂಡಾದ ಗ್ರಾಮದ ಎಲ್ಲೆ ಶುರುವಾಗುವುದು ಆ ಕಲ್ಲಿನಿಂದ. ಅಳತೆ ಪುಸ್ತಕದ ಅಂಕಿಗೂ ನನ್ನ ಟೇಪಿಗೂ ಮೊಳದಷ್ಟೂ ವ್ಯತ್ಯಾಸ ಇರಲಿಲ್ಲ.

"ಇನ್ನ ಮುಂದಕ್ಕೆ..." ಎಂದು ಇಂಜಿನಿಯರ್ ಏನೋ ಹೇಳಲು ಹೊರಟು ಕೆಮ್ಮಿದರು.

"ಮುಂದೆ ನಿಮ್ಮ ಕೆಲಸ ಇಲ್ಲವಲ್ಲ ಸರ್, ಅಳತೆ ಸರಿಯಾಗಿದೆ," ಎಂದು ನಾನು ಟೇಪು ಸುತ್ತಿದೆ. ಹೊಟ್ಟೆ ಹಸಿದಿತ್ತು. ಕಾಮಗಾರಿ ಎಲ್ಲಿಗೆ ಮುಗಿಯಿತೋ ನನ್ನ ಕಣ್ಣೂ ಅಲ್ಲಿಗೇ ನಿಂತಿತು. ಇದು ಆಡಿಟ್‌ನವರಿಗೇ ಬರುವ ಕಾಯಿಲೆ. ಬೇರೆ ಯಾರಾದರೂ ಆಗಿದ್ದರೆ ಕತ್ತೆತ್ತಿ ಮನೆಗಳೆಲ್ಲಿ ಎಂದು ಕೇಳುತ್ತಿದ್ದರು.

ವರದಿಯಲ್ಲಿ ನಾನು ಬರೆದ ಸಾಲು ಇದು: "ಸದರಿ ಗ್ರಾಮಕ್ಕೆ ಅತಿ ಕಡಿಮೆ ವೆಚ್ಚದಲ್ಲಿ, ನಿಗದಿತ ಅವಧಿಯೊಳಗೆ ಸಂಪರ್ಕ ಒದಗಿಸಲಾಗಿದ್ದು, ಇತರ ಕಾಮಗಾರಿಗಳಿಗೆ ಇದು ಮಾದರಿಯಾಗಿದೆ." ಅಧಿಕಾರಿಗಳು ಹುಬ್ಬೇರಿಸಿದರು. "ನಾವು ಹೊಗಳಿದರೆ ಹುಲಿ ಹುಲ್ಲು ತಿಂದ ಹಾಗೆ," ಎಂದರು. ಆದರೂ ಸಾಲನ್ನು ತೆಗೆಯದೆ ಬಿಟ್ಟರು.

ಅದಾಗಿ ಕೆಲವು ವರ್ಷ ಕಳೆಯಿತು. ಎಂಬತ್ತರ ದಶಕದ ನಡುವಿನ ಹೊತ್ತಿಗೆ ಅದೇ ಯೋಜನೆಯನ್ನು ಮತ್ತೊಮ್ಮೆ ನೋಡಬೇಕೆಂದು ಅಪ್ಪಣೆಯಾಯಿತು. ಅದೇ ಅಧಿಕಾರಿಗಳ ಜೊತೆಗೇ ಹೋದೆ. ಅವರ ಕೂದಲು ಬೆಳ್ಳಗಾಗಿತ್ತು, ಪೆನ್ಸಿಲ್ ಮಾತ್ರ ಅಷ್ಟೇ ಚೂಪಾಗಿತ್ತು. ಉಪವಿಭಾಗದ ಕಚೇರಿಯಲ್ಲಿ ಕೂತು ಅರ್ಜಿಗಳ ಕಡತ ತಿರುವುತ್ತಿದ್ದೆ. ಜನ ಎಲ್ಲೆಲ್ಲಿ ರಸ್ತೆ ಕೇಳಿದ್ದಾರೆ, ಯಾರಿಗೆ ಕೊಟ್ಟರು, ಯಾರಿಗೆ ಇಲ್ಲ ಎಂದರು ಎಂಬುದು ಮೂರನೆಯ ಪ್ರಶ್ನೆಗೆ ಒಳ್ಳೆಯ ಸಾಕ್ಷಿ ಎಂದು ಅಷ್ಟರಲ್ಲಿ ಕಲಿತಿದ್ದೆ.

ಒಂದು ಅರ್ಜಿಯ ಕೆಳಗೆ ಬರೀ ಹೆಬ್ಬೆಟ್ಟುಗಳು. ಅದೇ ತಾಂಡಾದ ಹೆಂಗಸರು ಹಾಕಿದ್ದು. ಡೈರಿಯ ವ್ಯಾನು ಗಡಿಕಲ್ಲಿನ ತನಕ ಬರುತ್ತದೆ, ಊರಿಗೆ ಬರುವುದಿಲ್ಲ, ಹಾಲು ಹಾಳಾಗುತ್ತಿದೆ, ಕಲ್ಲಿನಿಂದ ಊರಿಗೆ ರಸ್ತೆ ಮಾಡಿಸಿಕೊಡಿ ಎಂದು ಯಾರಿಂದಲೋ ಬರೆಸಿದ್ದರು. ಅದಕ್ಕೆ ಕಚೇರಿ ಕೊಟ್ಟ ಉತ್ತರದ ನಕಲು ಕೆಳಗೇ ಇತ್ತು. ಸದರಿ ಗ್ರಾಮವು ಸಂಪರ್ಕ ಪಡೆದ ಗ್ರಾಮಗಳ ಪಟ್ಟಿಯಲ್ಲಿದೆ, ಆಡಿಟ್ ವರದಿಯೂ ಇದನ್ನು ಮಾದರಿ ಕಾಮಗಾರಿ ಎಂದು ದೃಢಪಡಿಸಿದೆ, ಆದ್ದರಿಂದ ಅರ್ಜಿಯನ್ನು ಪರಿಗಣಿಸಲು ಅವಕಾಶವಿಲ್ಲ. ಮಧ್ಯದಲ್ಲಿ ನನ್ನ ಸಾಲನ್ನು ಅಕ್ಷರ ಬಿಡದೆ ಎತ್ತಿ ಬರೆದಿದ್ದರು.

ಮೊದಲು ಸಿಟ್ಟು ಬಂದದ್ದು ಕಚೇರಿಯ ಮೇಲೆ. ನನ್ನ ಮಾತನ್ನು ಹೀಗೆ ಬಳಸಬಹುದೇ ಎಂದು. ಆಮೇಲೆ ಸಿಟ್ಟು ತಿರುಗಿ ನನ್ನ ಮೇಲೇ ಬಂತು. ಅವರು ಸುಳ್ಳು ಬರೆದಿರಲಿಲ್ಲ, ನಾನು ಬರೆದದ್ದನ್ನೇ ಬರೆದಿದ್ದರು. ಪಟ್ಟಿಯಲ್ಲಿ ಒಮ್ಮೆ ಸೇರಿದ ಊರಿಗೆ ಈ ಯೋಜನೆಯಲ್ಲಿ ಮತ್ತೆ ರಸ್ತೆ ಸಿಗುವುದಿಲ್ಲ. ಆ ಪಟ್ಟಿಯ ಮೇಲೆ ನಾನು ಮುದ್ರೆ ಒತ್ತಿದ್ದೆ.

ಯಾರಿಗೂ ಹೇಳಲಿಲ್ಲ. ನೋಡಬೇಕಾದ ರಸ್ತೆಗಳ ಪಟ್ಟಿಗೆ ಆ ತಾಂಡಾದ ರಸ್ತೆಯನ್ನೂ ಸೇರಿಸಿ ಎಂದು ಅಧಿಕಾರಿಗಳನ್ನು ಕೇಳಿದೆ.

"ಅದನ್ನು ನೀನೇ ಒಮ್ಮೆ ಅಳೆದಿದ್ದೀಯಲ್ಲಮ್ಮ," ಎಂದರು.

"ಆದಮೇಲೆ ಹೇಗಿದೆ ಅಂತ ನೋಡಬೇಕು ಸರ್."

ಅವರು ನನ್ನ ಮುಖ ನೋಡಿದರು, ಹೂಂ ಎಂದರು.

ಈ ಸಲ ಟೇಪು ಒಯ್ಯಲಿಲ್ಲ. ನ್ಯಾಮತಿಯಲ್ಲಿ ಉಳಿದು, ಬೆಳಗಾಗುವ ಮೊದಲೇ ಜೀಪಿನಲ್ಲಿ ಹೋಗಿ ಗಡಿಕಲ್ಲಿನ ಹತ್ತಿರ ನೋಟ್‌ಬುಕ್ ಹಿಡಿದು ಕೂತೆ. ಯಾರು ಬಂದರು, ಏನು ತಂದರು, ಹೇಗೆ ಬಂದರು, ಎಲ್ಲಿಂದ ಬಂದರು ಎಂದು ಗೆರೆ ಹಾಕುತ್ತಾ ಹೋದೆ. ದೊಡ್ಡ ರಸ್ತೆಯ ಕಡೆಯಿಂದ ಸೈಕಲ್ಲು, ಗಾಡಿ, ಒಂದು ಟ್ರಾಕ್ಟರ್, ಡೈರಿಯ ವ್ಯಾನು ಬಂದವು. ತಾಂಡಾದ ಕಡೆಯಿಂದ ಒಂದು ಚಕ್ರವೂ ಬರಲಿಲ್ಲ. ಬಂದದ್ದೆಲ್ಲ ತಲೆಯ ಮೇಲೆ. ಗಾಡಿ ಇದ್ದವರೂ ಗಾಡಿಯನ್ನು ಕಲ್ಲಿನ ಹತ್ತಿರದ ಹೊಲದಲ್ಲಿ ಬಿಟ್ಟು, ಮೂಟೆಯನ್ನು ಹೊತ್ತು ತಂದು ಅದಕ್ಕೆ ಹೇರುತ್ತಿದ್ದರು. ನಾನು ಮಾದರಿ ಎಂದು ಬರೆದ ರಸ್ತೆ ನಡು ಹೊಲದಲ್ಲಿ ಬಾಯಿ ಬಿಟ್ಟುಕೊಂಡು ನಿಂತಿತ್ತು.

ಹಾಲು ತಂದವರಲ್ಲಿ ಒಬ್ಬ ಹೆಂಗಸು ತಲೆಯ ಮೇಲಿನ ಬಿಂದಿಗೆ ಇಳಿಸಿ, ಹಾಲನ್ನು ವ್ಯಾನಿನ ಕ್ಯಾನಿಗೆ ಸುರಿದು, ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಎದುರಿಗೆ ಬಂದು ಕೂತಳು. ನಲವತ್ತು ದಾಟಿದ ವಯಸ್ಸು, ಒಣಗಿದ ಮೈಕಟ್ಟು. ತಾಂಡಾದ ಹಾಲಿನ ಸಂಘಕ್ಕೆ ಅವಳೇ ಅಧ್ಯಕ್ಷೆ ಎಂದು ಉಳಿದವರು ಹೇಳಿದರು.

"ಏನ್ ಬರೀತೀರಿ ಅಮ್ಮಾರೆ?"

"ಯಾರ್ ಯಾರು ಬರ್ತಾರೆ ಅಂತ ಬರೀತೀನಿ ಅಕ್ಕ."

"ಬರೋರ್ನ ಬರ್ದ್ರೆ ಸಾಕಾ? ಬರದೆ ಇರೋರ್ನ ಯಾರು ಬರೀತಾರೆ?"

ನಾನು ಪೆನ್ನು ಕೆಳಗಿಟ್ಟೆ. ಅವಳು ಹೇಳಿದ್ದನ್ನು ಕೇಳಿದೆ. ಸಂಜೆಯ ಹಾಲನ್ನು ಕತ್ತಲಲ್ಲಿ ನಡುದಾರಿಯ ಹಳ್ಳ ದಾಟಿಸಿ ತರಲು ಆಗುವುದಿಲ್ಲ. ಅದು ಮನೆಯಲ್ಲೇ ಉಳಿದು ಬೆಳಗಿನ ಹಾಲಿನ ಜೊತೆ ಬರುತ್ತದೆ. ಬೇಸಗೆಯಲ್ಲಿ ಅದು ಇಡೀ ಕ್ಯಾನನ್ನೇ ಕೆಡಿಸುತ್ತದೆ. ಶೀತಲ ಕೇಂದ್ರಕ್ಕೆ ಹೋದಮೇಲೆ ಹುಳಿ ಎಂದು ಗೊತ್ತಾದರೆ ಮರುದಿನ ವ್ಯಾನಿನಲ್ಲಿ, ಹಾಲು ತಿರಸ್ಕರಿಸಿದೆ, ದುಡ್ಡಿಲ್ಲ ಎಂದು ಒಂದು ಚೀಟಿ ಬರುತ್ತದೆ. ಮಳೆಗಾಲದಲ್ಲಿ ಹಳ್ಳ ಬಂದರೆ ಹಾಲೂ ಇಲ್ಲ, ಚೀಟಿಯೂ ಇಲ್ಲ.

"ಆ ಚೀಟಿಗಳು ಯಾರ ಹತ್ರ ಅವೆ?"

"ನನ್ನ ತಾವೇ ಅವೆ. ಓದಾಕೆ ಬರಲ್ಲ. ಕಾಗದ ಬಿಸಾಕಬಾರ್ದು ಅಂತ ಮಡಗೀನಿ. ಬೇಕಂದ್ರೆ ಬರ್ರಿ, ಮನೀಗೆ."

ಇಂಜಿನಿಯರ್ ಜೀಪಿನ ಪಕ್ಕ ನಿಂತಿದ್ದರು. ಅವರೇ, ಆವತ್ತು ಕೆಮ್ಮಿದವರೇ. ಇಷ್ಟು ವರ್ಷವಾದರೂ ಅದೇ ಭಾಗದಲ್ಲಿದ್ದರು. "ನಡೀರಿ ಸರ್, ಊರು ನೋಡಿ ಬರೋಣ," ಎಂದೆ.

"ಜೀಪ್ ಹೋಗಲ್ಲ ಮೇಡಂ."

"ಅದಕ್ಕೇ ನಡೀರಿ ಅಂದೆ."

ಎರಡು ಕಿಲೋಮೀಟರಿಗೆ ಸ್ವಲ್ಪ ಹೆಚ್ಚೇ ಇತ್ತು. ಅರ್ಧ ದಾರಿಯಲ್ಲಿ ಹಳ್ಳ. ಮಳೆಗಾಲ ಮುಗಿದು ತಿಂಗಳಾಗಿದ್ದರೂ ಮೊಣಕಾಲಿನವರೆಗೆ ನೀರಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿ ಕಟ್ಟಿ ಇಳಿದೆ. ನಡುನೀರಿನಲ್ಲಿ ಕಾಲು ಜಾರಿದಾಗ ಆ ಹೆಂಗಸು ನನ್ನ ರಟ್ಟೆ ಹಿಡಿದಳು. ಅವಳ ತಲೆಯ ಮೇಲಿನ ಖಾಲಿ ಬಿಂದಿಗೆ ಅಲುಗಲಿಲ್ಲ. ದಂಡೆ ಹತ್ತಿದಮೇಲೆ ಇಂಜಿನಿಯರ್ ಒದ್ದೆ ಪ್ಯಾಂಟಿನಲ್ಲಿ ನಿಂತು ಹಳ್ಳವನ್ನೇ ನೋಡುತ್ತಿದ್ದರು.

ಅಲ್ಲಿ ನನಗೆ ಆ ಕಡಿಮೆ ವೆಚ್ಚದ ಗುಟ್ಟು ತಿಳಿಯಿತು. ಉಬ್ರಾಣಿ ಕಡೆಯ ರಸ್ತೆಗೆ ಹೆಚ್ಚು ಬಿದ್ದದ್ದು ದಾರಿಯುದ್ದಕ್ಕೂ ಮೋರಿಗಳನ್ನು ಕಟ್ಟಿದ್ದಕ್ಕೆ. ಸೊಕ್ಕೆ ಕಡೆ ಕಡಿಮೆ ಬಿದ್ದದ್ದು ಕಲ್ಲು ಅಲ್ಲೇ ಸಿಕ್ಕಿದ್ದಕ್ಕೆ. ಇಲ್ಲಿ ಎಲ್ಲಕ್ಕಿಂತ ಕಡಿಮೆ ಬಿದ್ದದ್ದು ಕಷ್ಟದ ಭಾಗವನ್ನೇ ಬಿಟ್ಟುಬಿಟ್ಟಿದ್ದಕ್ಕೆ. ಅರ್ಧ ಸೀರೆ ನೇಯ್ದವನು ನೂಲು ಉಳಿಸಿದೆ ಎಂದರೆ ನಾನು ಶಹಬ್ಬಾಸ್ ಎಂದಿದ್ದೆ. ಕಿಲೋಮೀಟರಿಗೆ ಎಷ್ಟು ಎಂದು ಪಟ್ಟಿ ಮಾಡಿದಾಗ, ಆ ಕಿಲೋಮೀಟರಿನೊಳಗೆ ಏನಿದೆ, ಏನಿಲ್ಲ ಎಂದು ಕೇಳಬೇಕಾಗಿತ್ತು.

ತಾಂಡಾದಲ್ಲಿ ಅವಳ ಮನೆಯ ಮುಂದೆ ಎರಡು ಗೂಟಗಳಿದ್ದವು. ಒಂದರಲ್ಲಿ ಎಮ್ಮೆ ಇತ್ತು, ಇನ್ನೊಂದು ಖಾಲಿ. ಒಳಗಿನಿಂದ ಅವಳು ಒಂದು ಬಟ್ಟೆಯ ಗಂಟು ತಂದು ಬಿಚ್ಚಿದಳು. ಚೀಟಿಗಳನ್ನು ತಿಂಗಳ ಪ್ರಕಾರ ಬೇರೆ ಬೇರೆ ದಾರದಲ್ಲಿ ಪೋಣಿಸಿದ್ದಳು. ಅಕ್ಷರ ಬಾರದವಳು ಅಮಾವಾಸ್ಯೆಗೊಂದು ದಾರ ಬದಲಿಸಿದ್ದಳಂತೆ. ನಮ್ಮ ಕಚೇರಿಯ ಕಡತಗಳೂ ಅಷ್ಟು ಅಚ್ಚುಕಟ್ಟಾಗಿ ಇರುತ್ತಿರಲಿಲ್ಲ. ಬೇಸಗೆಯ ದಾರಗಳು ದಪ್ಪ. ಮಳೆಗಾಲದ ದಾರಗಳಿಗೆ ಚೀಟಿಯೇ ಇಲ್ಲ, ಬರೀ ಗಂಟು. ಖಾಲಿ ದಾರವನ್ನೂ ಅವಳು ಎಸೆದಿರಲಿಲ್ಲ. ನಾನು ಮಣ್ಣಿನ ಜಗಲಿಯ ಮೇಲೆ ಕೂತು ಎಲ್ಲವನ್ನೂ ಬರೆದುಕೊಂಡೆ. ಆಮೇಲೆ ವ್ಯಾನಿನವರ ಪುಸ್ತಕಕ್ಕೂ ಇದಕ್ಕೂ ಹೋಲಿಸಿ ನೋಡಿದೆ. ದಿನಕ್ಕೆ ದಿನ ಹೊಂದಿತು.

"ಈ ರಸ್ತೆಗೆ ಜಲ್ಲಿ ಹೊತ್ತೋಳು ನಾನೇ ಅಮ್ಮಾರೆ," ಎಂದಳು ಅವಳು ಮಾತಿನ ನಡುವೆ. "ನಮ್ಮೂರಿಗೆ ಬರ್ತೈತೆ ಅಂತ ಹೊತ್ವಿ. ಕಲ್ಲಿನ ತಾವ ರೋಲರ್ ನಿಂತ್ ಹೋತು. ನಾಳೆ ಮುಂದಕ್ ಬರ್ತೈತೆ ಅಂತ ಕಾದ್ವಿ."

ನನಗೆ ಅವಳಿಗೆ ನಿಜ ಹೇಳಬೇಕೆನಿಸಿತು. ಹೇಳಲಿಲ್ಲ. ಬಾಯಿ ಜೋರಿನವಳು ನಾನು, ಆ ಹೊತ್ತು ಚೀಟಿಗಳ ಮೇಲೆ ಬಾಗಿ ಬರೆಯುತ್ತಲೇ ಹೋದೆ.

ಉಳಿದದ್ದು ಇಂಜಿನಿಯರ್ ರುಜು. ಕಣ್ಣಾರೆ ಕಂಡದ್ದನ್ನು ಎರಡೂ ಕಡೆಯವರು ಸೇರಿ ಬರೆದು ಸಹಿ ಮಾಡಿದರೆ ಮಾತ್ರ ಅದು ಸಾಕ್ಷಿಯಾಗುತ್ತದೆ. ಇಲ್ಲದಿದ್ದರೆ ಮುಂದೆ ಇಲಾಖೆ ಒಂದೇ ಮಾತಿನಲ್ಲಿ ಅಲ್ಲಗಳೆಯಬಹುದು. ಅವಳ ಜಗಲಿಯ ಮೇಲೇ ಜಂಟಿ ಪರಿಶೀಲನೆಯ ಟಿಪ್ಪಣಿ ಬರೆದೆ. ರಸ್ತೆ ಗ್ರಾಮದ ಎಲ್ಲೆಗೆ ಮುಗಿದಿದೆ, ಮನೆಗಳು ಅಲ್ಲಿಂದ ಎರಡು ಕಿಲೋಮೀಟರಿಗೂ ಹೆಚ್ಚು ದೂರ, ನಡುವೆ ಸೇತುವೆಯಿಲ್ಲದ ಹಳ್ಳ, ಮಳೆಗಾಲದಲ್ಲಿ ಸಂಪರ್ಕ ಇಲ್ಲ. ಓದಿ ಹೇಳಿ ಪೆನ್ನು ಮುಂದೆ ಹಿಡಿದೆ.

ಅವರು ಪೆನ್ನು ತೆಗೆದುಕೊಳ್ಳಲಿಲ್ಲ. "ನಾನು ಆವತ್ತೇ ಹೇಳಾಕೆ ಹೋದೆ ಮೇಡಂ. ನೀವು ಟೇಪ್ ಸುತ್ತಿ ಬಿಟ್ರಿ."

"ಹೌದು."

"ಹಳ್ಳಕ್ಕೆ ಸೇತುವೆ ಸೇರಿಸಿ ಎಸ್ಟಿಮೇಟ್ ಮಾಡಿದ್ದೆ. ಮೇಲ್ನೋರು, ಅದು ಬ್ಯಾಡ, ಎಲ್ಲೆ ಮುಟ್ಟಿದ್ರೆ ಊರು ಮುಟ್ಟಿದಂಗೆ, ಪಟ್ಟಿಗೆ ಸೇರಿಸ್ಬೋದು ಅಂದ್ರು. ನಾನು ಸುಮ್ಕಾದೆ. ನೀವು ಮೆಚ್ಚಿ ಬರದ ಮ್ಯಾಲೆ ಯಾರ ತಾವ ಹೋಗಿ ಹೇಳ್ಲಿ? ಈಗ ನಾನು ರುಜು ಹಾಕಿದ್ರೆ, ಇಷ್ಟು ವರ್ಷ ಎಲ್ಲಿದ್ಯಪ್ಪ ಅಂತ ನನ್ನ ಮ್ಯಾಲೇ ಬರ್ತೈತೆ."

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೂ ನಾನು ಪೆನ್ನು ಹಿಂದಕ್ಕೆ ತೆಗೆಯಲಿಲ್ಲ.

"ಹಾಕ್ತೀನಿ," ಎಂದರು ಕೊನೆಗೆ. "ಆದ್ರೆ ಒಂದು. ಹಿಂದಿನ ಸಲ ನೀವೂ ಇಲ್ಲೀತನ ಬರ್ಲಿಲ್ಲ ಅಂತ ನೀವೂ ಬರೀರಿ. ತಪ್ಪು ಇಬ್ರದೂ ಐತಲ್ರೀ."

ನನಗೆ ಚುರುಕ್ ಎಂದಿತು. ಇವರು ಯಾರು ನನಗೆ ಷರತ್ತು ಹಾಕಲು ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ಬರೆದೆ. "ಹಿಂದಿನ ಪರಿಶೀಲನೆಯು ಗ್ರಾಮದ ಎಲ್ಲೆಯಲ್ಲಿ ನಿಂತಿತ್ತು. ಮನೆಗಳಿಗೆ ಭೇಟಿ ನೀಡಿರಲಿಲ್ಲ." ಕೆಳಗೆ ನನ್ನ ಸಹಿ. ಅವರು ಓದಿ ತಮ್ಮ ಸಹಿ ಹಾಕಿದರು.

ಆ ಸಂಜೆ ಅಧಿಕಾರಿಗಳ ಮುಂದೆ ಆ ಹಾಳೆಯನ್ನೂ ಅದರ ಮೇಲಿಂದ ಬರೆದ ವರದಿಯ ಕರಡನ್ನೂ ಇಟ್ಟು ನಿಂತೆ. ಎರಡು ಸಲ ಓದಿದರು. ಕನ್ನಡಕ ತೆಗೆದರು.

"ಆಡಿಟ್ ತನ್ನ ತಪ್ಪನ್ನ ತಾನೇ ಬರೆಯೋ ಪದ್ಧತಿ ಇಲ್ಲಮ್ಮ."

"ಇಲಾಖೆಯವರು ತಮ್ಮ ತಪ್ಪು ಬರೆಯಬೇಕು ಅಂತ ನಾವೇ ಕೇಳೋದು ಸರ್."

"ಇದು ನಿನ್ನ ಸರ್ವಿಸಿಗೆ ಒಳ್ಳೇದಲ್ಲ."

"ಅರ್ಜಿಗೆ ಕೊಟ್ಟ ಉತ್ತರ ನೋಡಿ ಸರ್. ನನ್ನ ಸಾಲು ಹಾಗೇ ಇದ್ದರೆ ಆ ಊರಿಗೆ ಯಾವ ಕಾಲಕ್ಕೂ ರಸ್ತೆ ಆಗಲ್ಲ." ಹೇಳುವಾಗ ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅವರು ಆ ಚೂಪು ಪೆನ್ಸಿಲ್ ತೆಗೆದು, ಕರಡಿನಲ್ಲಿ ನನ್ನ ಹೆಸರಿದ್ದ ಕಡೆ ಮಾತ್ರ ಗೆರೆ ಎಳೆದು ಹೊಡೆದುಹಾಕಿದರು. ತಪ್ಪೊಪ್ಪಿದ ಸಾಲನ್ನು ಹಾಗೇ ಉಳಿಸಿದರು. "ನಿನ್ನ ಜೊತೆ ನಾನೂ ಇದ್ದೆನಲ್ಲ ಆವತ್ತು. ಜೀಪಿನ ನೆರಳಲ್ಲಿ ಕೂತಿದ್ದೆ," ಎಂದರು. "ಒಂದೇ ಊರಾ, ಇನ್ನೂ ಇದಾವಾ?"

ಮರುದಿನದಿಂದ ಸಂಪರ್ಕ ಪಡೆದ ಗ್ರಾಮಗಳ ಪಟ್ಟಿಯನ್ನೂ ತಾಲ್ಲೂಕಿನ ನಕ್ಷೆಯನ್ನೂ ಅಕ್ಕಪಕ್ಕ ಹರಡಿ ಕೂತೆವು. ಎಲ್ಲೆಗೆ ನಿಂತ ರಸ್ತೆಗಳು ಇನ್ನೂ ಇದ್ದವು. ಪ್ರತಿಯೊಂದಕ್ಕೂ ಒಂದು ಹಾಫ್ ಮಾರ್ಜಿನ್ ಬರೆದೆ. ಹಾಳೆಯನ್ನು ಉದ್ದಕ್ಕೆ ಮಡಚಿ ಒಂದು ಅರ್ಧದಲ್ಲಿ ನಮ್ಮ ಪ್ರಶ್ನೆ, ಇನ್ನೊಂದು ಅರ್ಧ ಅವರ ಉತ್ತರಕ್ಕೆ ಖಾಲಿ. ಎಲ್ಲದರಲ್ಲೂ ಒಂದೇ ಪ್ರಶ್ನೆ ಕೇಳಿದೆ: ಊರಿನ ಕೊನೆಯ ಮನೆಗೆ ಮಳೆಗಾಲದಲ್ಲಿ ಗಾಡಿ ಹೋಗುತ್ತದೆಯೇ? ಎಷ್ಟೋ ಉತ್ತರಗಳು ಬರಲು ತಿಂಗಳುಗಳೇ ಹಿಡಿದವು. ಬಂದವುಗಳಲ್ಲಿ ಕೆಲವು ಜಾಣತನದವು, ಕೆಲವು ನಿಜವಾದವು. ಪಟ್ಟಿಯನ್ನು ತಿದ್ದಿದರು. ಎಲ್ಲೆ ಮುಟ್ಟಿದರೆ ಸಾಲದು, ಮನೆಗಳನ್ನು ಮುಟ್ಟಬೇಕು ಎಂದು ಇಲಾಖೆ ಸುತ್ತೋಲೆ ಹೊರಡಿಸಿತು. ಇಂಜಿನಿಯರ್ ಅವರಿಂದ ವಿವರಣೆ ಕೇಳಿದರು. ಅವರು ಜಂಟಿ ಟಿಪ್ಪಣಿಯ ನಕಲನ್ನು ಕೊಟ್ಟರಂತೆ, ಅಲ್ಲಿಗೆ ಅದು ನಿಂತಿತು.

ಎರಡು ಮಳೆಗಾಲ ಕಳೆದಮೇಲೆ ಬೇರೆ ಕೆಲಸಕ್ಕೆ ಹೊನ್ನಾಳಿಗೆ ಹೋಗಿದ್ದೆ. ಭಾನುವಾರ ಬಸ್ಸು ಹಿಡಿದು, ದೊಡ್ಡ ರಸ್ತೆಯಲ್ಲಿ ಇಳಿದು ನಡೆದೆ. ಗಡಿಕಲ್ಲು ದಾಟಿ ರಸ್ತೆ ಮುಂದಕ್ಕೆ ಹೋಗಿತ್ತು. ಹಳ್ಳದ ಮೇಲೆ ತಗ್ಗಾದ ಸೇತುವೆ ಕಟ್ಟಿದ್ದರು. ದೊಡ್ಡ ಮಳೆಗೆ ನೀರು ಅದರ ಮೇಲೇ ಹರಿದು, ಕೆಲ ಹೊತ್ತಿಗೆ ಇಳಿಯುವಂಥದ್ದು. ಡೈರಿಯ ವ್ಯಾನು ನನ್ನನ್ನು ದಾಟಿ ತಾಂಡಾದೊಳಕ್ಕೆ ಹೋಯಿತು. ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ನಡುರಸ್ತೆಯಲ್ಲಿ ನಿಂತು ಒಬ್ಬಳೇ ನಕ್ಕೆ.

ತಾಂಡಾದ ನಡುವೆ ಸಂಘದ ಚಪ್ಪರ. ಅವಳು ಕೂತು ಬೇರೆಯವರು ತಂದ ಹಾಲನ್ನು ಅಳೆದು ಕ್ಯಾನಿಗೆ ಸುರಿಯುತ್ತಿದ್ದಳು. ಕೆಲಸ ಮುಗಿದಮೇಲೆ ಮನೆಗೆ ಕರೆದುಕೊಂಡು ಹೋದಳು. ಎರಡೂ ಗೂಟ ಖಾಲಿ ಇದ್ದವು. ಚಹಾ ಮಾಡಿ ಕೊಟ್ಟಳು, ಕರೀ ಚಹಾ.

"ಎಮ್ಮೆ?"

"ಹೋದ ಮಳೆಗಾಲಕ್ಕೆ ಮಾರ್ದೆ. ಹಾಲು ಕರೆದು ಹಳ್ಳಕ್ಕೆ ಸುರಿಯಾಕೆ ಎಮ್ಮೆ ಯಾಕ್ ಬೇಕು ಅಂತ. ಅದು ಮಾರಿದ್ ಮ್ಯಾಲೆ ಸೇತುವೆ ಕೆಲಸ ಶುರುವಾತು." ನನ್ನ ಮುಖ ನೋಡಿ ಸೇರಿಸಿದಳು, "ಊರಿಗ್ ಬಂತಲ್ಲ, ಬಿಡ್ರಿ."

ಲೋಟ ಕೆಳಗಿಟ್ಟೆ. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಎನಿಸಿತು.

"ಅಕ್ಕಾ, ನಿಮ್ಮ ಅರ್ಜಿ ಬೇಡ ಅಂತ ಕಾಗದ ಬಂತಲ್ಲ, ಅದರಾಗೆ ಇದ್ದ ಮಾತು ನಂದು. ಮೊದಲ್ನೇ ಸಲ ನಾನೇ ಬಂದು ಅಳೆದು, ರಸ್ತೆ ಚೆನ್ನಾಗೈತೆ, ಊರಿಗೆ ಬಂದೈತೆ ಅಂತ ಬರೆದಿದ್ದೆ."

ಅವಳು ಒಲೆಯ ಕೆಂಡ ಸರಿಸುತ್ತಿದ್ದಳು, ನಿಲ್ಲಿಸಲಿಲ್ಲ. "ಗೊತ್ತೈತೆ."

"ಹೆಂಗೆ?"

"ನೀವು ಟೇಪು ಹಿಡ್ಕೊಂಡು ಬಂದ ದಿನ ನಾವು ಕಲ್ಲಿನ ತಾವ ಉಳಿದ ಜಲ್ಲಿ ಒಟ್ತಾ ಇದ್ವಿ. ನಿಮ್ಮನ್ನ ನೋಡಿದ್ದೆ. ಕಾಗದ ಓದಿ ಹೇಳಿದೋರು, ಆಡಿಟ್‌ನೋರು ಬರದವ್ರೆ ಅಂದ್ರು. ನೀವು ಎರಡನೇ ಸಲ ಕಲ್ಲಿನ ತಾವ ಕುಂತಾಗ್ಲೇ ಗುರುತು ಹಿಡಿದೆ."

"ಮತ್ತೆ ಆವತ್ತು ಯಾಕೆ ಬೈಲಿಲ್ಲ?"

ಅವಳು ತಿರುಗಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ.

"ಬೈದಿದ್ರೆ ನೀವು ಹಳ್ಳ ದಾಟಿ ಬರ್ತಿದ್ರಾ? ಎಮ್ಮೆ ಹೊಡ್ಕೊಂಡು ಹೋದ ದಿನ ಬೈದೆ ಅಮ್ಮಾರೆ. ಆ ದಿನ ನೀವು ಇರ್ಲಿಲ್ಲ."